ಪೂರ್ವದ ಕಿಟಕಿ, ಫ್ರಿಜ್ ಡಬ್ಬದ ರೆಫ್ಲೆಕ್ಟರ್: ಮತ್ತಿಕೆರೆಯಲ್ಲಿ ಒಂದು ಸಂದರ್ಶನಕ್ಕೆ ಬೆಳಕು ಕೂಡಿಸಿದ್ದು

ಬೆಂಗಳೂರಿನ ಮತ್ತಿಕೆರೆಯಲ್ಲಿ ಒಂದು ಹಳೇ ಮನೆ. 30-40 ಸೈಟು, ಕೆಂಪು ರೆಡ್ ಆಕ್ಸೈಡ್ ನೆಲ, ಮರದ ಕಿಟಕಿಗಳು. ಅಲ್ಲಿರುವ ಅಜ್ಜಿಗೆ 74 ವರ್ಷ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ವಾಚ್ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಅವರ ಮಾತನ್ನು ಒಂದೂವರೆ ಗಂಟೆ ರೆಕಾರ್ಡ್ ಮಾಡಬೇಕಿತ್ತು. ಕ್ಯಾಮೆರಾ ಗೆಳೆಯನದ್ದು, ಹಳೇ ಮಿರರ್‌ಲೆಸ್, ಜೊತೆಗೆ 50 ಎಂಎಂ ಲೆನ್ಸ್. ಲೈಟು ಬಾಡಿಗೆಗೆ ತರುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ ಕಿಟಕಿ ಒಂದು, ರೆಫ್ಲೆಕ್ಟರ್ ಒಂದು, ಅಷ್ಟರಲ್ಲೇ ಮುಗಿಸೋಣ ಎಂದು ಹೊರಟೆವು. ಜನವರಿಯ ಒಂದು ಶನಿವಾರ ಹೋಗಿ ಬೆಳಕು ನೋಡಿ ಬಂದೆವು, ಭಾನುವಾರ ಶೂಟ್ ಮಾಡಿದೆವು. ಆ ಎರಡು ದಿನದ ಲೆಕ್ಕ ಇದು.

ಶನಿವಾರ ಬೆಳಿಗ್ಗೆ, ಉತ್ತರದ ಕಿಟಕಿ

ಉತ್ತರದ ಕಿಟಕಿಯ ಬೆಳಕೇ ಒಳ್ಳೆಯದು ಎಂದು ಫೋಟೋ ಕಲಿಸುವವರು ಹೇಳುವುದನ್ನು ಬಹಳ ಸಲ ಕೇಳಿದ್ದೆ. ಆ ಕಡೆಯಿಂದ ನೇರ ಬಿಸಿಲು ಒಳಗೆ ಬರುವುದಿಲ್ಲ, ಬರೀ ಆಕಾಶದ ಮೆತ್ತನೆ ಬೆಳಕು ಬರುತ್ತದೆ ಎನ್ನುವುದು ಅದರ ಅರ್ಥ. ಅಜ್ಜಿಯ ಮನೆಯ ನಡುಮನೆಯಲ್ಲಿ ಉತ್ತರಕ್ಕೆ ದೊಡ್ಡ ಕಿಟಕಿ ಇತ್ತು. ಖುಷಿಯಾಯಿತು. ಒಂಬತ್ತೂವರೆಗೆ ಅಜ್ಜಿಯನ್ನು ಅಲ್ಲಿ ಕೂರಿಸಿ ಒಂದು ನಿಮಿಷ ರೆಕಾರ್ಡ್ ಮಾಡಿದೆವು.

ಕಣ್ಣಿಗೆ ಎಲ್ಲ ಚೆನ್ನಾಗಿಯೇ ಕಂಡಿತು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅಜ್ಜಿಯ ಮುಖದ ಒಂದು ಕಡೆ ಹಸಿರು, ಇನ್ನೊಂದು ಕಡೆ ಗದ್ದದ ಕೆಳಗೆ ಕೆಂಪು. ಆರೋಗ್ಯ ಸರಿಯಿಲ್ಲದವರ ಮುಖದ ಹಾಗೆ ಕಾಣುತ್ತಿತ್ತು.

ಹಸಿರು ಎಲ್ಲಿಂದ ಬಂತು ಎನ್ನುವುದು ಕಿಟಕಿಯಾಚೆ ಇಣುಕಿದಾಗ ತಿಳಿಯಿತು. ಎಂಟು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಎರಡು ಅಂತಸ್ತು, ಗಿಳಿ ಹಸಿರು ಬಣ್ಣ. ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಇವೆರಡರ ನಡುವಿನ ಬೇಸಿಗೆ-ಮಳೆಗಾಲದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಜನವರಿಯಲ್ಲಂತೂ ಬಿಸಿಲು ನಮ್ಮ ತಾರಸಿಯನ್ನು ದಾಟಿ ನೇರವಾಗಿ ಪಕ್ಕದ ಮನೆಯ ದಕ್ಷಿಣದ ಗೋಡೆಗೆ ಹೊಡೆಯುತ್ತದೆ. ಅಂದರೆ ನಾವು ಉತ್ತರದ ಆಕಾಶ ಎಂದುಕೊಂಡಿದ್ದು ನಿಜವಾಗಿ ಬಿಸಿಲು ಬಿದ್ದ ದೊಡ್ಡ ಹಸಿರು ರೆಫ್ಲೆಕ್ಟರ್. ಮನೆಗಳು ಒತ್ತೊತ್ತಾಗಿರುವ ನಮ್ಮ ಬಡಾವಣೆಗಳಲ್ಲಿ ಕಿಟಕಿಯ ದಿಕ್ಕಿಗಿಂತ ಕಿಟಕಿಗೆ ಏನು ಕಾಣುತ್ತದೆ ಎನ್ನುವುದೇ ಮುಖ್ಯ.

ಬಣ್ಣ ಒಂದೇ ಅಲ್ಲ, ಆ ಬೆಳಕು ನಿಲ್ಲುವುದೂ ಇಲ್ಲ. ನಮ್ಮ ಪ್ಯಾರಪೆಟ್ಟಿನ ನೆರಳು ಆ ಗೋಡೆಯ ಮೇಲೆ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ನಿಧಾನವಾಗಿ ಕೆಳಗಿಳಿಯುತ್ತದೆ. ನೆರಳು ಇಳಿದ ಹಾಗೆ ಬಿಸಿಲು ಬಿದ್ದ ಜಾಗ ಜಾಸ್ತಿಯಾಗುತ್ತದೆ, ಒಳಗಿನ ಬೆಳಕೂ ಏರುತ್ತದೆ. ಒಂದೂವರೆ ಗಂಟೆಯ ಮಾತನ್ನು ಆಮೇಲೆ ಕತ್ತರಿಸಿ ಜೋಡಿಸುವಾಗ, ಮೊದಲ ವಾಕ್ಯದ ಮುಖ ಮತ್ತು ಕೊನೆಯ ವಾಕ್ಯದ ಮುಖ ಒಂದೇ ಥರ ಇರಬೇಕಲ್ವಾ?

ಕೆಂಪು ಬಂದದ್ದು ನೆಲದಿಂದ. ಉಜ್ಜಿ ಉಜ್ಜಿ ಹೊಳೆಯುವ ರೆಡ್ ಆಕ್ಸೈಡ್ ನೆಲ, ಕಿಟಕಿಯ ಬುಡದಲ್ಲಿ ಬಿದ್ದ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಗೆಳೆಯ, "ವೈಟ್ ಬ್ಯಾಲೆನ್ಸ್ ಸರಿ ಮಾಡಿದರೆ ಹೋಗುತ್ತೆ" ಎಂದ. ಮಾಡಿ ನೋಡಿದೆವು, ಹೋಗಲಿಲ್ಲ. ಇಡೀ ಮುಖಕ್ಕೆ ಒಂದೇ ಬಣ್ಣ ಹತ್ತಿದ್ದರೆ ವೈಟ್ ಬ್ಯಾಲೆನ್ಸ್ ತೆಗೆದುಬಿಡುತ್ತದೆ. ಒಂದು ಕೆನ್ನೆಗೆ ಹಸಿರು, ಗದ್ದಕ್ಕೆ ಕೆಂಪು ಎಂದರೆ ಒಂದನ್ನು ತೆಗೆದಷ್ಟೂ ಇನ್ನೊಂದು ಎದ್ದು ಕಾಣುತ್ತದೆ. ಇದನ್ನು ಮೊದಲೇ ಹಿಡಿಯಲು ಒಂದು ಸುಲಭ ದಾರಿ ಇದೆ. ಒಂದು ಬಿಳಿ ಹಾಳೆಯನ್ನು ಕೆನ್ನೆಯ ಪಕ್ಕ ಹಿಡಿದು ಒಂದು ಫೋಟೋ, ಗದ್ದದ ಕೆಳಗೆ ಹಿಡಿದು ಇನ್ನೊಂದು ಫೋಟೋ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಣ್ಣು ಬಣ್ಣಕ್ಕೆ ಒಗ್ಗಿಬಿಡುತ್ತದೆ, ಹಾಳೆಯ ಫೋಟೋ ಒಗ್ಗುವುದಿಲ್ಲ.

ಜಾಗ ಬದಲಾಯಿಸಿದ್ದು

ಬೀದಿ ಕಡೆಯ ಕೋಣೆಯಲ್ಲಿ ಪೂರ್ವಕ್ಕೆ ಒಂದು ಕಿಟಕಿ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ. ಬೆಳಿಗ್ಗೆ ಅದರೊಳಗೆ ನೇರ ಬಿಸಿಲು ಬಂದು ಕಂಬಿಗಳ ನೆರಳು ನೆಲದ ಮೇಲೆ ಬೀಳುತ್ತಿತ್ತು. ಅದಕ್ಕೇ ಮೊದಲು ಅದನ್ನು ಬಿಟ್ಟಿದ್ದೆವು. ಆದರೆ ಮಧ್ಯಾಹ್ನ ಹನ್ನೆರಡೂವರೆ ದಾಟಿದರೆ ಸೂರ್ಯ ಪಶ್ಚಿಮಕ್ಕೆ ವಾಲುತ್ತಾನೆ. ಆಮೇಲೆ ಪೂರ್ವದ ಕಿಟಕಿಗೆ ಬಿಸಿಲು ಬರಲು ಸಾಧ್ಯವೇ ಇಲ್ಲ. ಆಗ ಅದಕ್ಕೆ ಕಾಣುವುದು ರಸ್ತೆಯ ಮೇಲಿನ ತೆರೆದ ಆಕಾಶ, ಮತ್ತೆ ಎದುರು ಸಾಲಿನ ಮಾಸಿದ ಕೆನೆ ಬಣ್ಣದ ಮನೆ. ನಡುವೆ ಮೂವತ್ತಡಿ ರಸ್ತೆ ಇರುವುದರಿಂದ ಆ ಮನೆಯ ಬಣ್ಣ ಅಷ್ಟು ಜೋರಾಗಿ ಹತ್ತುವುದಿಲ್ಲ. ಹತ್ತಿದರೂ ಕೆನೆ ಬಣ್ಣ ಚರ್ಮಕ್ಕೆ ಒಳ್ಳೆಯದೇ.

ಶನಿವಾರ ಮಧ್ಯಾಹ್ನ ಒಂದರಿಂದ ನಾಲ್ಕೂವರೆವರೆಗೆ ಅಲ್ಲೇ ಕೂತು ಅಳೆದೆ. ಅಳೆಯಲು ಬೇರೆ ಮೀಟರ್ ಬೇಕಿಲ್ಲ. ನನ್ನ ಫೋನಿನ ಪ್ರೊ ಮೋಡಿನಲ್ಲಿ ಐಎಸ್‌ಒ 100ಕ್ಕೆ ಕಟ್ಟಿ, ಶಟರ್ ಮಾತ್ರ ಆಟೋಗೆ ಬಿಟ್ಟೆ. ಕುರ್ಚಿಯ ಮೇಲೆ ಮುಖ ಬರುವ ಎತ್ತರದಲ್ಲಿ ಬಿಳಿ ಹಾಳೆ ಹಿಡಿದು, ಅದು ಪರದೆ ತುಂಬುವ ಹಾಗೆ ಮಾಡಿ, ಫೋನು ತೋರಿಸುವ ಶಟರ್ ಸಂಖ್ಯೆ ಬರೆದುಕೊಂಡೆ. ಬೆಳಕು ಜಾಸ್ತಿಯಾದಷ್ಟೂ ಗೆರೆಯ ಕೆಳಗಿನ ಅಂಕೆ ದೊಡ್ಡದಾಗುತ್ತದೆ. 1/30 ಇದ್ದದ್ದು 1/60 ಆದರೆ ಬೆಳಕು ಎರಡು ಪಟ್ಟಾಯಿತು ಎಂದರ್ಥ, ಅದನ್ನೇ ಒಂದು ಸ್ಟಾಪು ಎನ್ನುತ್ತಾರೆ. ಒಂದೂಮುಕ್ಕಾಲಿನಿಂದ ಮೂರೂಕಾಲರ ತನಕ ಸಂಖ್ಯೆ ಸ್ವಲ್ಪವೇ ಅಲ್ಲಾಡಿತು, ಒಂದು ಸ್ಟಾಪಿನ ಮೂರನೇ ಒಂದು ಭಾಗದಷ್ಟು. ನಾಲ್ಕರ ನಂತರ ಎದುರು ಮನೆಯ ಗೋಡೆ ಹಳದಿಗೆ ತಿರುಗಿ, ಹಾಳೆಯೂ ಹಳದಿಯಾಯಿತು. ಹಾಗಾಗಿ ನಮ್ಮ ಹೊತ್ತು ಒಂದೂಮುಕ್ಕಾಲರಿಂದ ಮೂರೂಕಾಲು ಎಂದು ಗೊತ್ತು ಮಾಡಿಕೊಂಡೆವು. ಪಶ್ಚಿಮದ ಕಿಟಕಿ ಇದ್ದಿದ್ದರೆ ಇದೇ ಲೆಕ್ಕ ತಿರುಗುಮುರುಗು, ಬೆಳಿಗ್ಗೆ ಹೊತ್ತು ಮುಗಿಸಬೇಕು.

ಎದುರಿಗೆ ಮರ ಇರುವ ಕಿಟಕಿಯಾದರೆ ಇನ್ನೊಂದು ಸಲ ಯೋಚಿಸಿ. ಗಾಳಿಗೆ ಎಲೆ ಆಡಿದ ಹಾಗೆ ಮುಖದ ಮೇಲೂ ಬೆಳಕು ಆಡುತ್ತದೆ. ಅದನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ.

ಶನಿವಾರ ಸಂಜೆ, ರೆಫ್ಲೆಕ್ಟರ್ ಕಟ್ಟಿದ್ದು

ಥರ್ಮಾಕೋಲ್ ಶೀಟು ತರಬಹುದಿತ್ತು, ಸಿನಿಮಾದವರು ಅದನ್ನೇ ಬಳಸುತ್ತಾರೆ. ಆದರೆ ಸಿಟಿ ಬಸ್ಸಿನಲ್ಲಿ ಹಿಡಿದು ತರುವಷ್ಟರಲ್ಲಿ ಮೂಲೆ ಮುರಿದಿರುತ್ತದೆ. ಮನೆಯಲ್ಲಿ ಫ್ರಿಜ್ ಬಂದ ರಟ್ಟಿನ ಡಬ್ಬ ಇತ್ತು. ಅದರಲ್ಲೇ ಮಾಡಿದೆ.

ಡಬ್ಬದ ಒಂದು ಮೂಲೆಯನ್ನು ನಡುವೆ ಇಟ್ಟುಕೊಂಡು ಕತ್ತರಿಸಿದೆ. ಮೂಲೆಯ ಎರಡೂ ಕಡೆ ಎರಡೆರಡು ಅಡಿ ಅಗಲ, ನಾಲ್ಕಡಿ ಎತ್ತರ. ಕಾರ್ಖಾನೆಯವರು ಹಾಕಿದ ಆ ಮಡಿಕೆಯೇ ಕೀಲು. ಅರ್ಧ ತೆರೆದ ಪುಸ್ತಕದ ಹಾಗೆ ತಾನೇ ನಿಲ್ಲುತ್ತದೆ, ಸ್ಟ್ಯಾಂಡ್ ಬೇಕಿಲ್ಲ. ಮಡಿಕೆಯನ್ನು ಹಿಗ್ಗಿಸಿ ಕುಗ್ಗಿಸಿ ಬೆಳಕು ಎತ್ತ ಹೋಗಬೇಕು ಎಂದು ತಿರುಗಿಸಲೂಬಹುದು.

ಒಳಮೈಗೆ ಬಿಳಿ ಡ್ರಾಯಿಂಗ್ ಶೀಟು ಅಂಟಿಸಿದೆ. ಹೊಳೆಯುವ ಚಾರ್ಟ್ ಶೀಟ್ ಬೇಡ. ಹೊಳಪಿದ್ದರೆ ಬೆಳಕು ಒಂದೇ ಕಡೆ ಗುಂಪಾಗಿ ಹೋಗಿ ಕೆನ್ನೆಯ ಮೇಲೆ ಕಲೆಯ ಹಾಗೆ ಬೀಳುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಕೂಡ ಹಾಗೇ. ದೂರದಿಂದ ಬೆಳಕು ತಳ್ಳಬೇಕಾದಾಗ ಅದು ಒಳ್ಳೆಯದು. ನಾಲ್ಕಡಿ ದೂರದಲ್ಲಿ ಕೂತ ಅಜ್ಜಿಯ ಮುಖಕ್ಕೆ ಅಲ್ಲ.

ಅಂಟಿಗೆ ಮೈದಾ ಕುದಿಸಿಕೊಂಡೆ. ಒಂದು ಕಡೆ ಮಾತ್ರ ಕಾಗದ ಅಂಟಿಸಿ ಒಣಗಿಸಿದಾಗ ರಟ್ಟು ಬಿಲ್ಲಿನ ಹಾಗೆ ಬಾಗಿಬಿಟ್ಟಿತು. ಒದ್ದೆ ಕಾಗದ ಒಣಗುವಾಗ ಸೆಳೆಯುತ್ತದೆ, ಎದುರು ಕಡೆ ಹಿಡಿದುಕೊಳ್ಳಲು ಏನೂ ಇಲ್ಲ. ಹಿಂಬದಿಗೂ ಅದೇ ಅಂಟಿನಲ್ಲಿ ಕಾಗದ ಹಚ್ಚಿ, ಮೇಲೆ ಹಳೇ ಪುಸ್ತಕಗಳನ್ನು ಹೇರಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೆಟ್ಟಗಾಗಿತ್ತು. ಎಲ್ಲ ಸೇರಿ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ.

ಭಾನುವಾರ, ಒಂದು ಗಂಟೆ

ಮೊದಲು ಮನೆಯ ಲೈಟುಗಳನ್ನೆಲ್ಲ ಆರಿಸಿದೆವು, ಪಕ್ಕದ ಕೋಣೆಯದ್ದನ್ನೂ. ಬಾಗಿಲಿನಿಂದ ನುಸುಳುವ ಬಲ್ಬಿನ ಹಳದಿ ಕೂದಲಿನ ಅಂಚಿಗೆ ಹತ್ತುತ್ತದೆ.

ಅಜ್ಜಿಯ ಕುರ್ಚಿಯನ್ನು ಕಿಟಕಿಯಿಂದ ಐದಡಿ ದೂರ ಹಾಕಿದೆ. ಕಿಟಕಿಗೆ ಅಂಟಿ ಕೂರಿಸಿದರೆ ಬೆಳಕು ಇನ್ನೂ ಮೆತ್ತಗಿರುತ್ತದೆ, ನಿಜ. ಆದರೆ ಅಜ್ಜಿ ಕತೆ ಹೇಳುವಾಗ ಮುಂದೆ ಬಾಗುತ್ತಾರೆ, ಹಿಂದೆ ಒರಗುತ್ತಾರೆ. ಎರಡಡಿ ದೂರದಲ್ಲಿ ಅರ್ಧ ಅಡಿ ಬಾಗಿದರೆ ಮುಖದ ಬೆಳಕು ಎದ್ದು ಕಾಣುವಷ್ಟು ಏರಿಳಿಯುತ್ತದೆ. ಐದಡಿ ದೂರದಲ್ಲಿ ಅಷ್ಟೇ ಬಾಗಿದರೆ ಗೊತ್ತೇ ಆಗುವುದಿಲ್ಲ. ಮಾತಾಡುವವರಿಗೆ "ಅಲ್ಲಾಡಬೇಡಿ" ಎಂದು ಹೇಳುವುದಕ್ಕಿಂತ ಕುರ್ಚಿ ಹಿಂದೆ ಸರಿಸುವುದು ಮೇಲು.

ಕಿಟಕಿ ಅಜ್ಜಿಯ ಬಲಕ್ಕೆ, ಸ್ವಲ್ಪ ಮುಂದೆ. ನೇರ ಪಕ್ಕಕ್ಕೆ ಬಂದರೆ ಮೂಗು ಅರ್ಧ ಮುಖವನ್ನು ಕತ್ತಲು ಮಾಡುತ್ತದೆ. ಪ್ರಶ್ನೆ ಕೇಳುವ ನಾನು ಕಿಟಕಿಯ ಕಡೆ ಕೂತೆ, ಕ್ಯಾಮೆರಾ ನನ್ನಿಂದ ಆಚೆ, ಕೋಣೆಯ ಒಳಗಡೆಗೆ. ಅಜ್ಜಿ ನನ್ನನ್ನು ನೋಡಿ ಮಾತಾಡುವುದರಿಂದ ಮುಖ ಬೆಳಕಿನ ಕಡೆ ತಿರುಗುತ್ತದೆ. ಕ್ಯಾಮೆರಾಗೆ ಹತ್ತಿರದ ಕೆನ್ನೆ ನೆರಳಿನಲ್ಲಿರುತ್ತದೆ. ಮುಖಕ್ಕೆ ಒಂದು ದುಂಡುತನ ಬರುವುದು ಇದರಿಂದಲೇ. ಕ್ಯಾಮೆರಾ ಕಿಟಕಿಯ ಕಡೆಗೇ ಇದ್ದರೆ ಬೆಳಕಿರುವ ಕೆನ್ನೆಯೇ ಅಗಲವಾಗಿ ಕಂಡು ಮುಖ ಚಪ್ಪಟೆಯಾಗುತ್ತದೆ.

ಇನ್ನು ಆ ಹಳೇ ಕಿಟಕಿ. ಮೇಲೆ ಎರಡು ಬಾಗಿಲು, ಕೆಳಗೆ ಎರಡು ಬಾಗಿಲು, ಬೇರೆ ಬೇರೆಯಾಗಿ ಮುಚ್ಚಬಹುದು. ಕೆಳಗಿನ ಎರಡನ್ನು ಮುಚ್ಚಿದೆ. ಒಟ್ಟು ಬೆಳಕು ಹತ್ತಿರ ಹತ್ತಿರ ಅರ್ಧವಾಯಿತು, ಆದರೆ ಎರಡು ಲಾಭ. ಬೆಳಕು ಈಗ ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ಬರುತ್ತಿತ್ತು, ಕಣ್ಣಿನೊಳಗೆ ಕಿಟಕಿಯ ಸಣ್ಣ ಹೊಳಪು ಮೇಲ್ಭಾಗದಲ್ಲಿ ಕೂತಿತು. ಮತ್ತೆ, ಕಿಟಕಿಯ ಬುಡದ ನೆಲಕ್ಕೆ ಬೀಳುತ್ತಿದ್ದ ಬೆಳಕು ಕಡಿಮೆಯಾಗಿ ಗದ್ದದ ಕೆಂಪು ಇಳಿಯಿತು. ಉಳಿದ ಕೆಂಪಿಗೆ ಅಜ್ಜಿಯ ಕಾಲ ಬಳಿ ಒಂದು ಕಪ್ಪು ಕಂಬಳಿ ಹಾಸಿದೆವು. ಬಿಳಿ ಹಾಳೆ ಗದ್ದದ ಕೆಳಗೆ ಹಿಡಿದು ಫೋಟೋ ತೆಗೆದೆ. ಕೆಂಪು ಇರಲಿಲ್ಲ.

ಈಗ ರೆಫ್ಲೆಕ್ಟರ್. ಅದಿಲ್ಲದೆ ಅಳೆದಾಗ, ಬೆಳಕಿನ ಕೆನ್ನೆಯ ಬಳಿ ಹಾಳೆ 1/240 ತೋರಿಸಿತು, ನೆರಳಿನ ಕೆನ್ನೆಯ ಬಳಿ 1/30. ಎಂಟು ಪಟ್ಟು ಅಂತರ. ಇಷ್ಟಿದ್ದರೆ ಅಜ್ಜಿಯ ಮುಖದ ಸುಕ್ಕು ಒಂದೊಂದೂ ಗೆರೆ ಎಳೆದ ಹಾಗೆ ಕಾಣುತ್ತದೆ. ರೆಫ್ಲೆಕ್ಟರನ್ನು ನೆರಳಿನ ಕಡೆ ಎರಡಡಿ ದೂರ ಇಟ್ಟೆ. ನೆರಳಿನ ಕೆನ್ನೆ 1/150ಕ್ಕೆ ಏರಿತು, ಅಂತರ ಎರಡು ಪಟ್ಟಿಗಿಂತ ಕಡಿಮೆ. ಸುಕ್ಕು ಮಾಯ, ಆದರೆ ಮುಖವೂ ಮಾಯ. ಪಾಸ್‌ಪೋರ್ಟ್ ಫೋಟೋದ ಹಾಗೆ ಆಯಿತು. ನಾಲ್ಕಡಿಗೆ ಸರಿಸಿದಾಗ 1/80 ಬಂತು, ಮೂರು ಪಟ್ಟು ಅಂತರ. ಅಲ್ಲಿಗೇ ನಿಲ್ಲಿಸಿದೆ. ಕೆನ್ನೆ ಮೂಳೆಯ ಆಕಾರ ಉಳಿದಿತ್ತು, ಕಣ್ಣಿನ ಕೆಳಗಿನ ಗುಂಡಿ ಮೆತ್ತಗಾಗಿತ್ತು. ವಯಸ್ಸಾದವರ ಮುಖದಲ್ಲಿ ಸುಕ್ಕನ್ನು ಅಳಿಸುವುದು ನನಗೆ ಇಷ್ಟವಿಲ್ಲ, ಅದು ಕಿರುಚಬಾರದು ಅಷ್ಟೆ. ಮೂರು ಪಟ್ಟು ಎನ್ನುವುದು ಈ ಮುಖಕ್ಕೆ ಹೊಂದಿದ ಲೆಕ್ಕ. ನಿಮ್ಮವರಿಗೆ ಎರಡೂವರೆಯೋ ನಾಲ್ಕೋ ಹೊಂದಬಹುದು, ನೋಡಿಕೊಂಡು ಸರಿಸಿ.

ಇಡುವಾಗ ನೇರ ಪಕ್ಕಕ್ಕೆ ಇಡಬೇಡಿ, ಕ್ಯಾಮೆರಾದ ಕಡೆ ಸ್ವಲ್ಪ ಮುಂದಕ್ಕೆ ತನ್ನಿ. ಪಕ್ಕದಿಂದ ಬಂದರೆ ಕಿವಿ ಬೆಳಗುತ್ತದೆ, ಮೂಗಿನ ಪಕ್ಕದ ನೆರಳು ಹಾಗೇ ಉಳಿಯುತ್ತದೆ.

ಒಂದು ಹಂತದಲ್ಲಿ ಸಂಖ್ಯೆ ಇದ್ದಕ್ಕಿದ್ದಂತೆ 1/45ಕ್ಕೆ ಬಿತ್ತು. ರೆಫ್ಲೆಕ್ಟರ್ ಅಲ್ಲಾಡಿರಲಿಲ್ಲ. ಕಾರಣ ನಾನೇ. ಕಿಟಕಿಯ ಕಡೆ ಕೂತ ನನ್ನ ತಲೆ, ಭುಜ ಕಿಟಕಿಗೂ ರೆಫ್ಲೆಕ್ಟರಿಗೂ ನಡುವೆ ಬಂದಿತ್ತು. ರೆಫ್ಲೆಕ್ಟರಿಗೆ ತನ್ನದೇ ಬೆಳಕಿಲ್ಲ. ಅದು ಇರುವ ಜಾಗದಿಂದ ಕಿಟಕಿ ಕಾಣದಿದ್ದರೆ ಅದು ಬರೀ ರಟ್ಟು. ಅದರ ಮುಂದೆ ಕಣ್ಣಿಟ್ಟು ನೋಡಿ, ಇಡೀ ಕಿಟಕಿ ಕಾಣುವ ತನಕ ನನ್ನ ಸ್ಟೂಲನ್ನು ಕಿಟಕಿಯ ಗೋಡೆಗೆ ಸರಿಸಿಕೊಂಡೆ.

ಕನ್ನಡಕ

ಹೆಚ್ಚು ಹೊತ್ತು ತಿಂದಿದ್ದು ಇದು. ಅಜ್ಜಿ ಕನ್ನಡಕ ಹಾಕಿದೊಡನೆ ಬಲಗಾಜಿನಲ್ಲಿ ಬಿಳಿ ಕಿಟಕಿ, ಎಡಗಾಜಿನಲ್ಲಿ ಬಿಳಿ ರಟ್ಟು. ಕಣ್ಣೇ ಇಲ್ಲ. "ತೆಗೆದಿಡ್ಲಾ ಮಗಾ?" ಎಂದರು. ಬೇಡ ಎಂದೆ. ಐವತ್ತು ವರ್ಷ ಕನ್ನಡಕ ಹಾಕಿದವರು ಅದನ್ನು ತೆಗೆದರೆ ಬೇರೆಯವರಾಗಿ ಕಾಣುತ್ತಾರೆ, ಎದುರಿಗಿರುವವರ ಮುಖವೂ ಅವರಿಗೆ ಮಸುಕು.

ಗಾಜಿಗೆ ಬೆಳಕು ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಆಚೆ ಕಡೆ ಹೊರಡುತ್ತದೆ. ಆ ಹೊರಡುವ ದಾರಿಯಲ್ಲಿ ಕ್ಯಾಮೆರಾ ಇರಬಾರದು, ಅಷ್ಟೇ. ಕುರ್ಚಿಯನ್ನು ಒಂದಡಿ ಹಿಂದಕ್ಕೆ ಸರಿಸಿದೆವು, ಅರ್ಧ ಕಿಟಕಿ ಗಾಜಿನಿಂದ ಹೋಯಿತು. ಆಮೇಲೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಬೆರಳಿನ ದಪ್ಪದಷ್ಟು ಎತ್ತಿಸಿದೆ. ಗಾಜು ತುಸು ನೆಲದ ಕಡೆ ಬಾಗಿ, ಮೇಲಿನ ಕಿಟಕಿಯ ಬಿಂಬ ಕೆಳಕ್ಕೆ ಜಾರಿ ಹೊರಟುಹೋಯಿತು. ಅಜ್ಜಿಯ ಕೂದಲು ಕಡ್ಡಿಯ ತುದಿಯನ್ನು ಮುಚ್ಚಿತು, ನೋಡುವವರಿಗೆ ತಿಳಿಯುವುದಿಲ್ಲ. ಕೆಳಗಿನ ಬಾಗಿಲು ಮುಚ್ಚಿದ್ದು ಇಲ್ಲಿಯೂ ಉಪಯೋಗಕ್ಕೆ ಬಂತು. ಕಿಟಕಿ ಎತ್ತರದಲ್ಲಿದ್ದಷ್ಟೂ ಈ ಉಪಾಯ ಸಲೀಸು. ಎಡಗಾಜಿನ ರಟ್ಟಿಗೆ, ರೆಫ್ಲೆಕ್ಟರಿನ ಕ್ಯಾಮೆರಾ ಕಡೆಯ ರೆಕ್ಕೆಯನ್ನು ಒಂದು ಗೇಣು ಹಿಂದಕ್ಕೆ ಮಡಿಸಿದರೆ ಸಾಕಾಯಿತು. ಮತ್ತೆ ಅಳೆದೆ: 1/75. ಹೋಗಲಿ, ಸಾಕು.

ರೆಕಾರ್ಡಿಂಗ್

ಸೆಕೆಂಡಿಗೆ 25 ಫ್ರೇಮು, ಶಟರ್ 1/50, ಅಪರ್ಚರ್ f/2.8, ಐಎಸ್‌ಒ 320. ವೈಟ್ ಬ್ಯಾಲೆನ್ಸನ್ನು ಬಿಳಿ ಹಾಳೆ ನೋಡಿ ಒಂದು ಸಲ ಕೂರಿಸಿ ಬೀಗ ಹಾಕಿದೆವು, 6000 ಕೆಲ್ವಿನ್ ಹತ್ತಿರ ಬಂತು. ಯಾವುದೂ ಆಟೋದಲ್ಲಿ ಇರಕೂಡದು. ಆಟೋ ಬಿಟ್ಟರೆ ಅಜ್ಜಿ ಬಿಳಿ ಕರ್ಚೀಫು ತೆಗೆದ ಕ್ಷಣ ಮುಖ ಕಪ್ಪಾಗುತ್ತದೆ. ಐಫೋನಿನಲ್ಲಿ ಮಾಡುವವರು ಮುಖದ ಮೇಲೆ ಬೆರಳು ಒತ್ತಿ ಹಿಡಿದು AE/AF LOCK ಎಂದು ಬರುವ ತನಕ ಕಾಯಿರಿ. ಆದರೆ ಅದು ಬಣ್ಣವನ್ನು ಹಿಡಿದಿಡುವುದಿಲ್ಲ, ವೈಟ್ ಬ್ಯಾಲೆನ್ಸ್ ಬೀಗ ಬೇರೆ ಬೇಕು.

ಎರಡೂವರೆಗೆ ಒಂದು ಮೋಡ ಬಂತು. ಹಾಳೆ 1/120ಕ್ಕೆ ಇಳಿಯಿತು, ಒಂದು ಸ್ಟಾಪು ಕಡಿಮೆ. ಐಎಸ್‌ಒ ಏರಿಸಿ ಮುಂದುವರಿಸಬಹುದಿತ್ತು. ಮೋಡ ಸರಿದಾಗ ಮತ್ತೆ ಇಳಿಸಬೇಕು, ಆ ನಡುವಿನ ಮಾತು ಹಾಳಾಗುತ್ತದೆ. ಅಜ್ಜಿಗೆ ನೀರು ಕೊಟ್ಟು ನಾಲ್ಕು ನಿಮಿಷ ಸುಮ್ನೆ ಕಾದೆವು. ಜನವರಿಯಲ್ಲಿ ಇದು ನಡೆಯುತ್ತದೆ. ಜುಲೈ ತಿಂಗಳಲ್ಲಿ ಓಡುವ ಮೋಡಗಳ ನಡುವೆ ಹೀಗೆ ಕಾಯುತ್ತಾ ಕೂತರೆ ಸಂಜೆಯಾಗುತ್ತದೆ. ಆಗ ಪೂರ್ತಿ ಮೋಡ ಕವಿದ ದಿನವನ್ನೇ ಆರಿಸಿಕೊಳ್ಳಬೇಕು.

ಮೂರು ಗಂಟೆಗೆ ಅಜ್ಜಿ ಒಳಗೆ ಹೋಗಿ ಒಂದು ಹಳೇ ಕೈಗಡಿಯಾರ ತಂದರು. ಕೀ ಕೊಡುವಂಥದ್ದು. ಮಡಿಲಲ್ಲಿಟ್ಟುಕೊಂಡು, ಹಿಂದಿನ ಮುಚ್ಚಳ ತೆಗೆದು, ಬ್ಯಾಲೆನ್ಸ್ ಚಕ್ರ ಎಲ್ಲಿ ಕೂರುತ್ತದೆ ಎಂದು ಬೆರಳಲ್ಲಿ ತೋರಿಸತೊಡಗಿದರು. ನಾನು ಮುಖಕ್ಕೆಂದು ಮೇಲಿನ ಬೆಳಕು ಮಾತ್ರ ಉಳಿಸಿಕೊಂಡಿದ್ದೆ. ಮಡಿಲು ಕತ್ತಲು, ಕೆಳಗೆ ಕಪ್ಪು ಕಂಬಳಿ ಬೇರೆ. ಅಜ್ಜಿಯೇ ಹೇಳಿದರು, "ಮುಖ ಬಿಡೋ, ಕೈಗೆ ಬೆಳಕು ಬೇಕು ಕಣೋ ಇದಕ್ಕೆ."

ಕೆಳಗಿನ ಬಾಗಿಲುಗಳಲ್ಲಿ ನನ್ನ ಕಡೆಯ ಒಂದನ್ನು ತೆರೆದೆ. ರೆಫ್ಲೆಕ್ಟರನ್ನು ಅಡ್ಡ ಮಲಗಿಸಿ, ಒಂದು ರೆಕ್ಕೆ ನೆಲದ ಮೇಲೆ, ಒಂದು ರೆಕ್ಕೆ ಎದ್ದು ನಿಲ್ಲುವ ಹಾಗೆ ಮಡಿಲಿನ ಎದುರು ಒಂದೂವರೆ ಅಡಿಗೆ ತಂದೆ. ಕಂಬಳಿಯ ಮೇಲೆ ಬಿಳಿ ರೆಕ್ಕೆ ಬಂದದ್ದರಿಂದ ನೆಲದ ಕೆಂಪು ಇಲ್ಲಿಗೂ ಹತ್ತಲಿಲ್ಲ. ಗೆಳೆಯ ಕ್ಯಾಮೆರಾವನ್ನು ಕೈಗಳ ಮೇಲೆ ಹಿಡಿದ. ಅಜ್ಜಿ ಉಗುರಿನ ತುದಿಯಿಂದ ಆ ಚಕ್ರವನ್ನು ತುಸು ಮುಟ್ಟಿದರು. ಅದು ಅಲುಗಿ, ನಡೆಯತೊಡಗಿತು. ಮೂರೂಕಾಲಿಗೆ ಎರಡು ನಿಮಿಷ ಇತ್ತು.